ಅಜ್ಜಿಯ ಬಾಯಲ್ಲಿ ಇಲ್ಲದಿದ್ದ ಹಲ್ಲು

ದಾವಣಗೆರೆಯ ಹಳೇ ಮನೆಗಳಲ್ಲಿ ಮದುವೆಯ ಗ್ರೂಪ್ ಫೋಟೊ ಒಂದಾದರೂ ಸಿಗುತ್ತದೆ. ಅಜ್ಜಿ ತೀರಿಕೊಂಡ ಮೇಲೆ ಅದರಿಂದಲೇ ಅವರ ಮುಖ ತೆಗೆದು ದೊಡ್ಡದು ಮಾಡಿಸುತ್ತಾರೆ. ಈಗ ಈ ಕೆಲಸ ಎಐ ಪಾಲಾಗಿದೆ. ಕ್ಷಣದಲ್ಲಿ ಮಸುಕೆಲ್ಲ ಹೋಗಿ ಮುಖ ಸ್ವಚ್ಛವಾಗಿ ಕಾಣುತ್ತದೆ. ಫ್ರೇಮ್ ಹಾಕಿಸುವ ಮುಂಚೆ ಬಾಯಿ, ಕಿವಿ, ಕೈಗಳನ್ನು ಮಾತ್ರ ನಿಧಾನವಾಗಿ ನೋಡಿ.

ಫೋಟೊದಲ್ಲಿ ಅಜ್ಜಿಯ ಮುಖದ ಅಗಲ 5 ಮಿಲಿಮೀಟರ್ ಎಂದುಕೊಳ್ಳೋಣ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರೆ ಅದು ಸುಮಾರು 60 ಪಿಕ್ಸೆಲ್. ನಗುವ ಬಾಯಿಗೆ 20 ಪಿಕ್ಸೆಲ್ ಬಂದರೆ, ಕಾಣುವ ಎಂಟು ಹಲ್ಲಿಗೆ ತಲಾ ಎರಡು, ಹೆಚ್ಚೆಂದರೆ ಮೂರು. 2021ರಲ್ಲಿ ಬಂದ ಜಿಎಫ್‌ಪಿ‌ಗ್ಯಾನ್‌ನಂಥ ಮುಖ ಸರಿಪಡಿಸುವ ಎಐ ಸಾಧನ ಆ ಮುಖವನ್ನು 512 × 512 ಪಿಕ್ಸೆಲ್ ಚೌಕಕ್ಕೆ ಹಿಗ್ಗಿಸುತ್ತದೆ. ಹಲ್ಲುಗಳ ನಡುವಿನ ಗೆರೆ ಮೂಲದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ತಾನು ಕಲಿತ 70,000 ಮುಖಗಳ ಅಂದಾಜಿನ ಮೇಲೆ ಹೊಸದಾಗಿ ಬರೆಯುತ್ತದೆ.

ಮೇಲ್ಸಾಲಿನ ನಟ್ಟನಡುವೆ ಎರಡು ದೊಡ್ಡ ಹಲ್ಲು, ಅವುಗಳ ಪಕ್ಕ ಒಂದೊಂದು ಚಿಕ್ಕದು, ಆಮೇಲೆ ಕೋರೆಹಲ್ಲು ಇರಬೇಕು. ನಡುವೆ ಮೂರು ದೊಡ್ಡ ಹಲ್ಲು ಬಂದಿದ್ದರೆ, ಅಥವಾ ಹಲ್ಲೆಲ್ಲ ಕೂಡಿ ಒಂದೇ ಬಿಳಿ ಪಟ್ಟಿಯಾಗಿದ್ದರೆ ತಪ್ಪು ತಕ್ಷಣ ಸಿಗುತ್ತದೆ. ನನಗೆ ಹೆಚ್ಚು ಭಯ ತರುವುದು ಸರಿಯಾಗಿ ಕಾಣುವ ತಪ್ಪು. ಎಲೆ ಅಡಿಕೆ ಹಾಕುತ್ತಿದ್ದ ಅಜ್ಜಿಯ ಕೆಂಪು ಕಲೆ ಹೋಗಿ, ಬಿದ್ದುಹೋಗಿದ್ದ ಹಲ್ಲೂ ಬಂದು ಕೂತಿರುತ್ತದೆ. ಅವರನ್ನು ಕಂಡವರು ಮಾತ್ರ ಅದನ್ನು ಹಿಡಿಯಬಲ್ಲರು.

ಕಿವಿ ಆ 512 ಪಿಕ್ಸೆಲ್ ಚೌಕದ ಅಂಚಿಗೆ ಬರುತ್ತದೆ. ಅಲ್ಲಿ ಹೊಸ ಚಿತ್ರವನ್ನು ಹಳೆಯದರೊಳಗೆ ಬೆರೆಸುವುದರಿಂದ ಜುಮಕಿಯ ಮೇಲರ್ಧ ಹರಿತವಾಗಿಯೂ ಕೆಳಗಿನದು ಮಂಜಾಗಿಯೂ ಉಳಿಯಬಹುದು. ಏಳು ಕಲ್ಲಿನ ಬೆಂಡೋಲೆಯಾದರೆ ಕಲ್ಲು ಎಣಿಸಿ: ನಡುವೆ ಒಂದು, ಸುತ್ತ ಆರು. ಒಂದು ಕಿವಿಯಲ್ಲಿ ಆರು ಕಲ್ಲು, ಇನ್ನೊಂದರಲ್ಲಿ ಕಲ್ಲೇ ಇಲ್ಲದ ಗುಂಡು ಇದ್ದರೆ ಅನುಮಾನ ಪಡಿ. ಆದರೆ ತಲೆ ಓರೆಯಾಗಿದ್ದಾಗ ಎರಡು ಓಲೆಗಳು ನಿಜಕ್ಕೂ ಬೇರೆಬೇರೆಯಾಗಿ ಕಾಣುತ್ತವೆ.

ಬೆರಳಿಗೂ ಬರೀ ಎಣಿಕೆ ಸಾಲದು, ಸೀರೆಯ ಮರೆಯಲ್ಲಿ ಒಂದು ಅಡಗಿರಬಹುದು. ಗಲ್ಲಕ್ಕೆ ಕೈ ಆನಿಸಿದ್ದರೆ ಪ್ರತಿ ಬೆರಳನ್ನೂ ಉಗುರಿನಿಂದ ಅಂಗೈವರೆಗೆ ಹಿಂಬಾಲಿಸಿ. ಮುಖಕ್ಕೆಂದೇ ಕಲಿತ ಸಾಧನ ಬೆರಳಿನ ತುದಿಯನ್ನು ಗಲ್ಲದ ಚರ್ಮದಲ್ಲೇ ಕರಗಿಸಿಬಿಡಬಹುದು.

ಅನುಮಾನ ಬಂದ ಕಡೆ ಮೂಲವನ್ನೂ ಹೊಸದನ್ನೂ ಒಂದೇ ಅಳತೆಗೆ ತಂದು, ಫೋಟೊ ಎಡಿಟರ್‌ನಲ್ಲಿ ಹೊಸದು ಮೇಲೆ ಬರುವಂತೆ ಒಂದರ ಮೇಲೊಂದು ಇಟ್ಟು, ಮೇಲಿನದನ್ನು ಮರೆಮಾಡಿ ತೋರಿಸುತ್ತ ನೋಡಿ. ಮೂಲದಲ್ಲಿ ಸುಳಿವೂ ಇಲ್ಲದ ಗೆರೆ ಎಐ ಸೇರಿಸಿದ್ದು. ಬಾಯಿ, ಓಲೆಯಷ್ಟು ಜಾಗದಲ್ಲಿ ಮೇಲಿನ ಪದರ ಅಳಿಸಿದರೆ ಹಳೆಯದು ಮತ್ತೆ ಕಾಣುತ್ತದೆ. ಮಸುಕಾದರೂ ಅದು ಅವರದೇ. ಸಾಧ್ಯವಿದ್ದರೆ ಫೋಟೊವನ್ನೇ 1200 ಡಿಪಿಐನಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿ. ಮುಖಕ್ಕೆ 240ರ ಹತ್ತಿರ ಪಿಕ್ಸೆಲ್ ಬರುತ್ತದೆ. ಪ್ರಿಂಟೇ ಮಸುಕಾಗಿದ್ದರೆ ಮಾತ್ರ ಅದರಿಂದಲೂ ಹೊಸ ವಿವರ ಸಿಗದು.