ನೋಡಿ ಕಲಿಯುವ ಮಗು, ಕೇಳಿ ಕಲಿಯುವ ಮಗು: ಪರೀಕ್ಷಿಸಿದಾಗ ಸಿಕ್ಕಿದ್ದೇನು?

ಪೋಷಕರ ಸಭೆಗಳಲ್ಲಿ ಈಚೆಗೆ ಒಂದು ಮಾತು ಜಾಸ್ತಿ ಕೇಳಿಬರುತ್ತಿದೆ. “ಮೇಡಂ, ನಮ್ಮವನು ವಿಷುವಲ್ ಲರ್ನರ್. ಸುಮ್ನೆ ಪಾಠ ಓದಿಸಿದರೆ ತಲೆಗೆ ಹತ್ತಲ್ಲ” ಅಂತ ಒಬ್ಬರು. “ನಮ್ಮವಳು ಆಡಿಟರಿ, ಒಂದ್ಸಲ ಕೇಳಿಸಿಕೊಂಡರೆ ಸಾಕು” ಅಂತ ಇನ್ನೊಬ್ಬರು. ಶಿಕ್ಷಕರ ತರಬೇತಿಗೆ ಹೋದಾಗಲೂ ಇದೇ ಮಾತು. ಪ್ರತಿ ಮಗುವಿಗೂ ಕಲಿಯುವ ತನ್ನದೇ ರೀತಿ ಇರುತ್ತದೆ, ಅದಕ್ಕೆ ತಕ್ಕ ಹಾಗೆ ಕಲಿಸಬೇಕು ಅನ್ನುವ ಈ ವಿಚಾರಕ್ಕೆ ‘ಕಲಿಕಾ ಶೈಲಿ’ ಅಂತ ಹೆಸರು. ಹೆಚ್ಚಿನವರು ಇದಕ್ಕೆ ಆಧಾರವಾಗಿ ಹೇಳುವುದು ಬಿ.ಎಡ್.ನಲ್ಲಿ ಓದಿದ ಹೊವಾರ್ಡ್ ಗಾರ್ಡ್ನರ್ ಹೆಸರನ್ನು. ಆದರೆ ಗಾರ್ಡ್ನರ್ ಹೇಳಿದ್ದು ಇದಲ್ಲ. ಮೊದಲು ಈ ಎರಡನ್ನೂ ಬಿಡಿಸಿಕೊಳ್ಳೋಣ.

ಗಾರ್ಡ್ನರ್ ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞರು. ಬುದ್ಧಿ ಅನ್ನುವುದು ಐಕ್ಯೂ ಅಂಕೆಯಲ್ಲಿ ಹಿಡಿಯುವಂಥ ಒಂದೇ ವಸ್ತುವಲ್ಲ, ಒಂದಕ್ಕೊಂದು ಬಹುಮಟ್ಟಿಗೆ ಸ್ವತಂತ್ರವಾದ ಹಲವು ಸಾಮರ್ಥ್ಯಗಳು ಅಂತ ಅವರು 1983ರಲ್ಲಿ ವಾದಿಸಿದರು. ಭಾಷೆ, ತರ್ಕ–ಗಣಿತ, ಸಂಗೀತ, ದೇಹಚಲನೆ, ಆಕಾರ–ಅವಕಾಶದ ಅರಿವು, ಇತರರನ್ನು ಅರಿಯುವುದು, ತನ್ನನ್ನು ತಾನು ಅರಿಯುವುದು ಎಂಬ ಏಳನ್ನು ಪಟ್ಟಿ ಮಾಡಿದರು. ಪ್ರಕೃತಿಯ ಅರಿವು ಆಮೇಲೆ ಸೇರಿತು. ಇದೇ ಬಹುಮುಖ ಬುದ್ಧಿಮತ್ತೆಯ ಸಿದ್ಧಾಂತ. ಗಮನಿಸಿ, ಇದು ಮಗುವಿಗೆ ಯಾವ ಯಾವ ವಿಷಯದಲ್ಲಿ ಎಷ್ಟು ಸಾಮರ್ಥ್ಯ ಇದೆ ಅನ್ನುವ ಮಾತು. ಪಾಠ ಕಣ್ಣಿನಿಂದ ಒಳಗೆ ಹೋಗಬೇಕೋ ಕಿವಿಯಿಂದಲೋ ಅನ್ನುವ ಮಾತು ಇಲ್ಲಿ ಇಲ್ಲವೇ ಇಲ್ಲ. ಬಹುಮುಖ ಬುದ್ಧಿಮತ್ತೆಯೂ ಕಲಿಕಾ ಶೈಲಿಯೂ ಬೇರೆ ಬೇರೆ ಅಂತ 2013ರಲ್ಲಿ ಸ್ವತಃ ಗಾರ್ಡ್ನರ್ ಪತ್ರಿಕೆಯಲ್ಲಿ ಬರೆದು ಸ್ಪಷ್ಟಪಡಿಸಿದರು.

ಕಲಿಕಾ ಶೈಲಿ ಬಂದ ದಾರಿ ಬೇರೆ. ನಮ್ಮಲ್ಲಿ ಹೆಚ್ಚು ಓಡಾಡುವ ಮಾದರಿ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅವರ ‘ವಾರ್ಕ್’ ಪ್ರಶ್ನಾವಳಿ. ಗೊತ್ತಿಲ್ಲದ ಜಾಗಕ್ಕೆ ಹೋಗಬೇಕಾದರೆ ನಕ್ಷೆ ನೋಡ್ತೀರಾ, ಯಾರನ್ನಾದರೂ ಕೇಳ್ತೀರಾ ಎಂಬಂಥ ಪ್ರಶ್ನೆಗಳು ಅದರಲ್ಲಿರುತ್ತವೆ. ಉತ್ತರಗಳನ್ನು ಕೂಡಿಸಿ ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ–ಬರೆದು ಕಲಿಯುವವರು, ಮಾಡಿ ಕಲಿಯುವವರು ಅಂತ ಹೆಸರು ಕೊಡುತ್ತಾರೆ. ಇಂಥ ಮಾದರಿ ಇದೊಂದೇ ಅಲ್ಲ. 2004ರಲ್ಲಿ ಬ್ರಿಟನ್ನಿನ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು ಹುಡುಕುತ್ತಾ ಹೋದಾಗ 71 ಮಾದರಿಗಳು ಸಿಕ್ಕವು! ಒಂದೇ ಮಗು ಒಂದರಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಬಂದರೆ ಯಾವುದನ್ನು ನಂಬುವುದು?

ಮಕ್ಕಳಿಗೆ ಇಷ್ಟಾನಿಷ್ಟ ಇರುವುದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಒಬ್ಬನಿಗೆ ಚಿತ್ರ ಇಷ್ಟ, ಒಬ್ಬಳಿಗೆ ಕಥೆ ಕೇಳುವುದು ಇಷ್ಟ. ತಕರಾರಿರುವುದು ಮುಂದಿನ ಹೆಜ್ಜೆಯ ಬಗ್ಗೆ: ಇಷ್ಟಕ್ಕೆ ತಕ್ಕ ಹಾಗೆ ಪಾಠ ಮಾಡಿದರೆ ಮಗು ಹೆಚ್ಚು ಕಲಿಯುತ್ತದೆ ಅನ್ನುವುದು. ಅದನ್ನು ಪರೀಕ್ಷಿಸಿಯೇ ತಿಳಿಯಬೇಕು.

ಹೇಗೆ ಪರೀಕ್ಷಿಸುವುದು? 2008ರಲ್ಲಿ ಹೆರಾಲ್ಡ್ ಪಾಶ್ಲರ್ ಮತ್ತು ಇನ್ನು ಮೂವರು ಮನಶ್ಶಾಸ್ತ್ರಜ್ಞರು ಇದಕ್ಕೊಂದು ನೇರ ಅಳತೆ ಇಟ್ಟರು. ನಮ್ಮ ತರಗತಿಗೆ ಹೊಂದಿಸಿ ಹೇಳುತ್ತೇನೆ. ಜಲಚಕ್ರದ ಪಾಠ ಅಂದುಕೊಳ್ಳಿ. ಪ್ರಶ್ನಾವಳಿ ತುಂಬಿಸಿ ಮಕ್ಕಳನ್ನು ‘ನೋಡುವವರು’, ‘ಕೇಳುವವರು’ ಅಂತ ಎರಡು ಗುಂಪು ಮಾಡಿ. ಪ್ರತಿ ಗುಂಪಿನಲ್ಲೂ ಅರ್ಧ ಮಕ್ಕಳಿಗೆ ಚಿತ್ರದಲ್ಲಿ ಪಾಠ, ಉಳಿದರ್ಧಕ್ಕೆ ಮಾತಿನಲ್ಲಿ ಪಾಠ. ಯಾರಿಗೆ ಯಾವುದು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ.

ಇಪ್ಪತ್ತಕ್ಕೆ ಪರೀಕ್ಷೆ ಅಂತ ಇಟ್ಟುಕೊಳ್ಳಿ. ಅಂಕಗಳು ನಾನು ಲೆಕ್ಕಕ್ಕಾಗಿ ಹಾಕಿಕೊಂಡವು. ನೋಡುವವರಿಗೆ ಚಿತ್ರದ ಪಾಠದಲ್ಲಿ ಸರಾಸರಿ 14, ಮಾತಿನ ಪಾಠದಲ್ಲಿ 10 ಬಂತು. ಕೇಳುವವರಿಗೆ ಚಿತ್ರದಲ್ಲಿ 10, ಮಾತಿನಲ್ಲಿ 14 ಬಂದರೆ ಸಿದ್ಧಾಂತ ಗೆದ್ದ ಹಾಗೆ. ಒಂದು ಗುಂಪಿಗೆ ಒಳ್ಳೆಯದಾದ ಪಾಠ ಇನ್ನೊಂದಕ್ಕೆ ಕಡಿಮೆ ಆಯಿತು, ಅಂದರೆ ಮಕ್ಕಳನ್ನು ಬೇರೆ ಮಾಡಿ ಕಲಿಸಲು ಕಾರಣ ಸಿಕ್ಕಿತು. ಆದರೆ ಕೇಳುವವರಿಗೂ ಚಿತ್ರದಲ್ಲಿ 13, ಮಾತಿನಲ್ಲಿ 9 ಬಂದರೆ? ಆಗ ಜಲಚಕ್ರಕ್ಕೆ ಚಿತ್ರವೇ ಎಲ್ಲರಿಗೂ ಒಳ್ಳೆಯದು ಅಂತಾಯಿತು. ಶೈಲಿಯ ಹೆಸರಿನಿಂದ ಏನೂ ಉಪಯೋಗವಾಗಲಿಲ್ಲ, ಅಲ್ವಾ?

“ನಾನು ಚಿತ್ರ ತೋರಿಸಿ ಪಾಠ ಮಾಡಿದೆ ಸರ್, ಆ ಹುಡುಗ ಎಷ್ಟು ಚೆನ್ನಾಗಿ ಕಲಿತ ಗೊತ್ತಾ” ಅಂತ ಶಿಕ್ಷಕರು ಹೇಳುವುದು ಸುಳ್ಳಲ್ಲ. ಆದರೆ ನೋಡುವವರು–ಕೇಳುವವರು, ಚಿತ್ರ–ಮಾತು ಸೇರಿ ಆಗುವ ನಾಲ್ಕು ಗುಂಪುಗಳಲ್ಲಿ ಅದು ಒಂದೇ ಗುಂಪಿನ ಫಲಿತಾಂಶ. ಉಳಿದ ಮೂರು ಕಾಣದೆ ಏನೂ ಹೇಳುವ ಹಾಗಿಲ್ಲ. ಪಾಶ್ಲರ್ ತಂಡ ಅದುವರೆಗಿನ ಅಧ್ಯಯನಗಳನ್ನು ಜಾಲಾಡಿದಾಗ ಈ ರೀತಿ ಸರಿಯಾಗಿ ನಡೆದವು ಬೆರಳೆಣಿಕೆಯಷ್ಟೇ ಇದ್ದವು. ಅವುಗಳಲ್ಲೂ ಕೆಲವು ಸಿದ್ಧಾಂತಕ್ಕೆ ನೇರ ವಿರುದ್ಧವಾಗಿದ್ದವು. ಶೈಲಿಗೆ ತಕ್ಕ ಬೋಧನೆಯನ್ನು ಶಾಲೆಗೆ ತರಲು ಸಾಕಷ್ಟು ಪುರಾವೆ ಇಲ್ಲ ಅಂತ ಅವರು ಬರೆದರು.

ಆಮೇಲೆ ನಡೆದ ಪ್ರಯೋಗಗಳಲ್ಲಿ ನನಗೆ ಮುಖ್ಯ ಅನಿಸುವುದು ಅಮೆರಿಕದ ಬೆತ್ ರೊಗೊವ್ಸ್ಕಿ ಮತ್ತು ಸಂಗಡಿಗರದು. 2015ರಲ್ಲಿ ಅವರು ವಯಸ್ಕರಲ್ಲಿ ಕೆಲವರಿಗೆ ಒಂದು ಬರಹವನ್ನು ಧ್ವನಿಯಲ್ಲಿ ಕೇಳಿಸಿದರು, ಕೆಲವರಿಗೆ ಅದನ್ನೇ ಓದಿಸಿದರು. ತಕ್ಷಣ ಒಮ್ಮೆ, ಎರಡು ವಾರದ ನಂತರ ಮತ್ತೊಮ್ಮೆ ಪರೀಕ್ಷಿಸಿದರು. ಶೈಲಿಗೂ ಪಾಠದ ರೀತಿಗೂ ಹೊಂದಿಕೆ ಇದ್ದವರು ಹೆಚ್ಚೇನೂ ನೆನಪಿಟ್ಟಿರಲಿಲ್ಲ. 2020ರಲ್ಲಿ ಐದನೇ ತರಗತಿಯ ಮಕ್ಕಳ ಅಧ್ಯಯನ ಪ್ರಕಟಿಸಿದರು. ಅಲ್ಲೂ ಅದೇ. ಜೊತೆಗೆ ಇನ್ನೊಂದು ಸಂಗತಿ ಕಂಡಿತು. ‘ನೋಡಿ ಕಲಿಯುವವರು’ ಅನ್ನಿಸಿಕೊಂಡ ಮಕ್ಕಳು ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ ಮಾತ್ರವಲ್ಲ, ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲೂ ‘ಕೇಳಿ ಕಲಿಯುವವರ’ಗಿಂತ ಮುಂದಿದ್ದರು. ಹಾಗಾದರೆ ಕೇಳುವುದೇ ಇಷ್ಟ ಅನ್ನುವ ಮಕ್ಕಳಲ್ಲಿ ಕೆಲವರಿಗಾದರೂ ಓದುವುದೇ ಕಷ್ಟವಾಗಿರಬಹುದು. ಅಂಥ ಮಗುವಿಗೆ ಬರೀ ಕೇಳಿಸುತ್ತಾ ಹೋದರೆ ಬೇಕಾದ ಅಭ್ಯಾಸವನ್ನೇ ತಪ್ಪಿಸಿದಂತಾಗುತ್ತದೆ.

ಇದು ನನಗೆ ಮುಖ್ಯ ಅನಿಸಲು ಕಾರಣ, ಇಂಥ ಮಕ್ಕಳನ್ನು ನಾನು ಕಂಡಿದ್ದೇನೆ. ಒಂದು ಶಾಲೆಯಲ್ಲಿ ಐದನೇ ತರಗತಿಯ ಹುಡುಗಿಯ ಫಾರಂ ಮೇಲೆ ‘ಆಡಿಟರಿ’ ಅಂತ ಬರೆದಿತ್ತು. ಅವಳಿಗೆ ಪ್ರಶ್ನೆಗಳನ್ನೂ ಟೀಚರೇ ಓದಿ ಹೇಳುತ್ತಿದ್ದರು. ನಾನು ಅವಳಿಗೆ ಹೊಸದೊಂದು ಸಣ್ಣ ಪ್ಯಾರಾ ಕೊಟ್ಟು ಓದಿಸಿದೆ. ‘ಮಳೆ’, ‘ಮೋಡ’ ಸಲೀಸು. ‘ಸಾಂದ್ರೀಕರಣ’ಕ್ಕೆ ಬಂದಾಗ ಬೆರಳು ನಿಂತಿತು. ‘ಸಾಂ... ದ... ದ್ರೀ...’ ಅಂತ ಒತ್ತಕ್ಷರ ಬಿಡಿಸುವಷ್ಟರಲ್ಲಿ ವಾಕ್ಯದ ಶುರು ಮರೆತುಹೋಯಿತು. ಪ್ರಶ್ನೆ ಕೇಳಿದರೆ ಉತ್ತರ ಇಲ್ಲ. ಅಷ್ಟೇ ಕಷ್ಟದ ಬೇರೆ ಪ್ಯಾರಾವನ್ನು ನಾನೇ ಓದಿ ಹೇಳಿದಾಗ ಬಹುತೇಕ ಎಲ್ಲ ಪ್ರಶ್ನೆಗೂ ಸರಿಯಾಗಿ ಉತ್ತರಿಸಿದಳು.

ಇದನ್ನು ಕಂಡವರು “ನೋಡಿ, ಆಡಿಟರಿ ಅಂದಿದ್ದು ನಿಜ ತಾನೇ” ಅನ್ನಬಹುದು. ಆದರೆ ಅವಳ ಪಕ್ಕದ ಹುಡುಗಿಗೂ ಎರಡೂ ರೀತಿಯಲ್ಲಿ ಕೊಟ್ಟು ನೋಡಿದೆವು. ಆಕೆ ಸರಾಗವಾಗಿ ಓದುತ್ತಾಳೆ. ಕೇಳಿದಾಗಲೂ ಓದಿದಾಗಲೂ ಒಂದೇ ಥರ ಉತ್ತರಿಸಿದಳು. ಅಂದರೆ ನಮ್ಮ ಹುಡುಗಿಗೆ ಕಿವಿಯ ವಿಶೇಷ ಶಕ್ತಿಯೇನೂ ಇರಲಿಲ್ಲ, ಅಕ್ಷರ ಬಿಡಿಸಿ ಓದುವ ಜಾಗದಲ್ಲಿ ತೊಡಕಿತ್ತು. ಓದು ಹಿಂದಿರುವ ಯಾವ ಮಗುವಿಗೂ ಈ ಎರಡು ಪ್ಯಾರಾಗಳ ಪರೀಕ್ಷೆ ಮಾಡಬಹುದು, ಹತ್ತು ನಿಮಿಷ ಸಾಕು. ಕೇಳಿದರೆ ಅರ್ಥವಾಗುತ್ತದೆ, ಓದಿದರೆ ಆಗುವುದಿಲ್ಲ ಅಂದರೆ ಅಕ್ಷರದ ಓದು ಗಟ್ಟಿಯಾಗಬೇಕು. ಕೇಳಿದರೂ ಆಗದಿದ್ದರೆ ಪದಗಳೋ ಆ ವಿಷಯದ ಹಿನ್ನೆಲೆಯೋ ಸಾಲದು, ಅದಕ್ಕೆ ಮಾತುಕತೆ, ಕಥೆ, ವಿವರಣೆ ಬೇಕು. (ಅದಕ್ಕೂ ಮುಂಚೆ ಕಣ್ಣು, ಕಿವಿ ತಪಾಸಣೆ ಆಗಿದೆಯಾ ಕೇಳಿ. ಬೋರ್ಡು ಕಾಣದ ಮಗುವೂ ‘ಆಡಿಟರಿ’ಯೇ!)

ಆ ಹುಡುಗಿಗೆ ಟೀಚರ್ ಮಾಡಿದ್ದು ಇಷ್ಟು. ಒಂದೇ ಬಗೆಯ ಒತ್ತಕ್ಷರದ ಪದಗಳನ್ನು ಗುಂಪು ಮಾಡಿ ದಿನಾ ಸ್ವಲ್ಪ ಹೊತ್ತು ಓದಿಸಿದರು. ಚಿಕ್ಕ ಪ್ಯಾರಾ ಒಂದನ್ನು ಮೊದಲು ತಾವು ಓದಿ, ಆಮೇಲೆ ಅವಳಿಂದ ಮೂರ್ನಾಲ್ಕು ಸಲ ಓದಿಸಿ, ತಡವರಿಕೆ ಕಡಿಮೆಯಾದ ಮೇಲೆ ಅರ್ಥದ ಪ್ರಶ್ನೆ ಕೇಳಿದರು. ವಿಜ್ಞಾನದ ಪಾಠವನ್ನು ಮಾತ್ರ ಓದಿ ಹೇಳುವುದನ್ನು ನಿಲ್ಲಿಸಲಿಲ್ಲ, ಓದು ಹಿಂದಿದೆ ಅಂತ ವಿಜ್ಞಾನವೂ ಹಿಂದೆ ಬೀಳಬಾರದಲ್ಲ.

ಹಾಗಾದರೆ ಚಿತ್ರ, ಮಾತು, ಚಟುವಟಿಕೆ ಎಲ್ಲ ಬಿಡಬೇಕಾ? ಖಂಡಿತ ಬೇಡ. ಆದರೆ ಯಾವುದು ಬೇಕು ಅನ್ನುವುದನ್ನು ಪಾಠದ ವಿಷಯ ಹೇಳಲಿ. ಕಾವೇರಿ ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುತ್ತದೆ, ಶರಾವತಿ ಅದೇ ಘಟ್ಟದಿಂದ ಪಶ್ಚಿಮಕ್ಕೆ ಇಳಿಯುತ್ತದೆ. ಇದಕ್ಕೆ ಎಲ್ಲ ಮಕ್ಕಳಿಗೂ ನಕ್ಷೆ ಬೇಕು. ‘ಬೆಲೆ’ಗೂ ‘ಬೆಳೆ’ಗೂ ಇರುವ ವ್ಯತ್ಯಾಸಕ್ಕೆ ಎಲ್ಲರೂ ಕೇಳಬೇಕು, ಬಾಯಲ್ಲಿ ಹೇಳಬೇಕು. ಮೂರನೇ ಒಂದಕ್ಕಿಂತ ನಾಲ್ಕನೇ ಒಂದು ದೊಡ್ಡದು ಅನ್ನುವ ಮಗುವಿನ ಕೈಗೆ ಒಂದೇ ಅಳತೆಯ ಎರಡು ಕಾಗದದ ಪಟ್ಟಿ ಕೊಟ್ಟು ಮಡಿಸಲು ಹೇಳಬೇಕು. ಮಾತಿನ ವಿವರಣೆಯ ಜೊತೆ ಅದಕ್ಕೆ ಸಂಬಂಧಪಟ್ಟ ಚಿತ್ರವಿದ್ದರೆ ಕಲಿಕೆ ಹೆಚ್ಚುತ್ತದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. ಅಂದಕ್ಕಾಗಿ ಅಂಟಿಸಿದ ಚಿತ್ರ ಮಾತ್ರ ಗಮನ ಕೆಡಿಸುತ್ತದೆ.

ಇಷ್ಟಾದರೂ ಜನ ಯಾಕೆ ನಂಬುತ್ತಾರೆ? 2012ರಲ್ಲಿ ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ ಶಿಕ್ಷಕರನ್ನು ಕೇಳಿದಾಗ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಕಲಿಕಾ ಶೈಲಿಯನ್ನು ಒಪ್ಪಿದರು. ಹಾಗಾಗಿ ಇದು ನಮ್ಮೂರಿನ ಮೌಢ್ಯವೇನಲ್ಲ. ಒಂದು ಸುಳಿವು 2017ರ ಅಧ್ಯಯನವೊಂದರಲ್ಲಿದೆ. ಚಿತ್ರಗಳನ್ನೂ ಪದಗಳನ್ನೂ ಕೊಟ್ಟು, ಯಾವುದು ನೆನಪಿರುತ್ತದೆ ಅನಿಸುತ್ತದೆ ಅಂತ ಮೊದಲೇ ಕೇಳಿದರು. ಚಿತ್ರ ಇಷ್ಟಪಡುವವರು ಚಿತ್ರ ಜಾಸ್ತಿ ನೆನಪಿರುತ್ತದೆ ಅಂದುಕೊಂಡರು. ಪರೀಕ್ಷಿಸಿದರೆ ನೆನಪಿಗೂ ಆ ಇಷ್ಟಕ್ಕೂ ಸಂಬಂಧವಿರಲಿಲ್ಲ. ಹಿತವಾಗಿದ್ದರೆ ಕಲಿತೆ ಅನಿಸುತ್ತದೆ.

ಗಾರ್ಡ್ನರ್ ಸಿದ್ಧಾಂತಕ್ಕೂ ಬೇರೆ ಬಗೆಯ ತಕರಾರಿದೆ. ಆ ಬುದ್ಧಿಗಳು ನಿಜಕ್ಕೂ ಸ್ವತಂತ್ರವಾಗಿದ್ದರೆ ಒಂದರಲ್ಲಿ ಮುಂದಿರುವವರು ಇನ್ನೊಂದರಲ್ಲೂ ಮುಂದಿರಬೇಕೆಂದಿಲ್ಲ. ಕೆನಡಾದ ಬೆತ್ ವಿಸ್ಸರ್ ಮತ್ತು ಸಂಗಡಿಗರು 2006ರಲ್ಲಿ ಎಂಟು ಬುದ್ಧಿಗಳಿಗೆ ತಲಾ ಎರಡು ಪರೀಕ್ಷೆ ಕೊಟ್ಟು ನೋಡಿದರು. ಭಾಷೆ, ತರ್ಕ, ಆಕಾರಗಳಂಥವುಗಳ ಅಂಕಗಳು ಒಟ್ಟೊಟ್ಟಿಗೇ ಏರಿಳಿದವು. ಸಂಗೀತ, ದೇಹಚಲನೆ ಅಷ್ಟಾಗಿ ಜೊತೆಗೂಡಲಿಲ್ಲ. ಇಂಥ ಪರೀಕ್ಷೆಗಳು ಬುದ್ಧಿಯನ್ನು ಸರಿಯಾಗಿ ಅಳೆಯುವುದಿಲ್ಲ ಅಂತ ಗಾರ್ಡ್ನರ್ ಆಕ್ಷೇಪಿಸಿದರು. ನನ್ನ ಅಭಿಪ್ರಾಯ ಕೇಳಿದರೆ, ಹಾಡುವ, ಆಡುವ ಮಗುವಿಗೆ ಶಾಲೆಯಲ್ಲಿ ಜಾಗ ಬೇಕು ಅನ್ನಲು ಈ ಸಿದ್ಧಾಂತದ ಊರುಗೋಲು ಬೇಕಿಲ್ಲ. ಗುಣಾಕಾರದ ಮಗ್ಗಿಯನ್ನು ಕುಣಿಸಿ ಕಲಿಸಲು ಇದೇ ಆಧಾರ ಅಂದರೆ ಮಾತ್ರ ಒಪ್ಪುವುದಿಲ್ಲ.

ಇದರ ಹೆಸರಿನಲ್ಲಿ ವ್ಯಾಪಾರವೂ ನಡೆದಿದೆ. ಮಗುವಿನ ಬೆರಳಚ್ಚು ತೆಗೆದು ‘ಡಿಎಂಐಟಿ’ ವರದಿ ಕೊಡುತ್ತಾರೆ, ಯಾವ ಬುದ್ಧಿ ಎಷ್ಟು ಶೇಕಡಾ, ಯಾವ ಕಲಿಕಾ ಶೈಲಿ ಅಂತೆಲ್ಲ ಬಣ್ಣದ ಗ್ರಾಫ್ ಇರುತ್ತದೆ. ಬೆರಳಿನ ಗೆರೆಗಳು ಹುಟ್ಟುವ ಮುಂಚೆಯೇ ಮೂಡಿ ಹಾಗೇ ಉಳಿಯುತ್ತವೆ. ಅವು ಮಗು ಓದುವುದನ್ನೂ ಅಳೆಯುವುದಿಲ್ಲ, ಕೇಳುವುದನ್ನೂ ಅಳೆಯುವುದಿಲ್ಲ. ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಅಂತ ಭಾರತೀಯ ಮನೋವೈದ್ಯರ ಸಂಘವೂ ಹೇಳಿದೆ. ಆ ವರದಿ ಹಿಡಿದು ಬಂದವರಿಗೆ ನಾನು ಅದನ್ನು ಚೀಲದಲ್ಲಿಟ್ಟು, ಮಗುವಿನ ಕನ್ನಡ ಪುಸ್ತಕ ತೆಗೆಯಿರಿ ಅನ್ನುತ್ತೇನೆ. ಇನ್ನೂ ಪಾಠವಾಗದ ಪುಟದಿಂದ ಒಂದು ಪ್ಯಾರಾ ಮಗು ಓದುತ್ತದೆ, ಒಂದು ಪ್ಯಾರಾ ಅಮ್ಮ ಓದಿ ಹೇಳುತ್ತಾರೆ.