ಗುಳ್ಳೆಯಿಲ್ಲದ ತುರಿಕೆಗೆ ಅಲರ್ಜಿ ಮಾತ್ರೆ ನಾಟುವುದಿಲ್ಲ

ಕಿಡ್ನಿ ಅಥವಾ ಲಿವರ್ ಕಾಯಿಲೆ ಇರುವವರು ಮೈತುರಿಕೆ ಎಂದು ಬಂದಾಗ ಹಳೆಯ ಚೀಟಿಗಳನ್ನು ಬಿಡಿಸಿ ನೋಡಿದರೆ ಬಹುತೇಕ ಒಂದೇ ಸರಣಿ. ಮೊದಲು ಸೆಟಿರಿಜಿನ್. ಅದು ಸಾಲಲಿಲ್ಲವೆಂದು ಲೆವೊಸೆಟಿರಿಜಿನ್. ರಾತ್ರಿಗೆ ಹೈಡ್ರಾಕ್ಸಿಜಿನ್. ಕೊನೆಗೆ ಒಂದು ಸ್ಟಿರಾಯ್ಡ್ ಮುಲಾಮು, ಅದೂ ಆಗದಿದ್ದರೆ ಹುಳುಕಡ್ಡಿಯ ಮುಲಾಮು. ಹೀಗೇ ತಿಂಗಳುಗಟ್ಟಲೆ ಕಳೆದಿರುತ್ತದೆ, ರೋಗಿ ನಿದ್ದೆಗೆಟ್ಟು ಸೊರಗಿರುತ್ತಾರೆ. ಈ ತುರಿಕೆ ಅಲರ್ಜಿಯದ್ದಲ್ಲ ಎಂಬ ಒಂದು ಮಾತು ಮೊದಲ ದಿನವೇ ಯಾರಾದರೂ ಹೇಳಿದ್ದರೆ ಇಷ್ಟು ನರಳಬೇಕಾಗಿರಲಿಲ್ಲ.

ಅಲರ್ಜಿಯಲ್ಲಿ ಚರ್ಮದೊಳಗಿನ ಕೆಲವು ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ಅದು ಅಲ್ಲಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಹಾಗಾಗಿ ಚರ್ಮ ಕೆಂಪಾಗಿ ಗಂಧೆ ಏಳುತ್ತದೆ. ಅದೇ ಹಿಸ್ಟಮಿನ್ ನರದ ತುದಿಯನ್ನು ಕೆಣಕಿ ತುರಿಕೆಯನ್ನೂ ತರುತ್ತದೆ. ಸೆಟಿರಿಜಿನ್‌ನಂಥ ಮಾತ್ರೆಗಳು ಹಿಸ್ಟಮಿನ್ ಹೋಗಿ ಕೂರುವ ಜಾಗವನ್ನು ಮೊದಲೇ ಆಕ್ರಮಿಸಿಕೊಳ್ಳುತ್ತವೆ. ಅವುಗಳ ಕೆಲಸ ಅಷ್ಟೇ. ಆದರೆ ತುರಿಕೆಯ ಸುದ್ದಿಯನ್ನು ಒಯ್ಯುವ ನರಗಳಲ್ಲಿ ಹೆಚ್ಚಿನವು ಹಿಸ್ಟಮಿನ್‌ಗೆ ಓಗೊಡುವಂಥವೇ ಅಲ್ಲ. ಕಿಡ್ನಿ ಸೋತವರಲ್ಲಿ ರಕ್ತದಲ್ಲಿ ಉಳಿದ ಕಶ್ಮಲ, ಒಳಗೇ ಹೊಗೆಯಾಡುವ ಉರಿಯೂತ, ನರಗಳ ಅತಿಸೂಕ್ಷ್ಮತೆ, ಜೊತೆಗೆ ದೇಹ ತಾನೇ ತಯಾರಿಸುವ ಓಪಿಯಾಯ್ಡ್‌ಗಳ ಏರುಪೇರು ಎಲ್ಲವೂ ಸೇರಿ ಈ ಬೇರೆ ನರಗಳನ್ನು ಕೆರಳಿಸುತ್ತವೆ. ಪಿತ್ತ ಸರಾಗವಾಗಿ ಹರಿಯದ ಲಿವರ್ ಕಾಯಿಲೆಯಲ್ಲಿ ಪಿತ್ತಾಮ್ಲಗಳು ಮತ್ತು ರಕ್ತದಲ್ಲಿ ಹೆಚ್ಚುವ ಇನ್ನಿತರ ವಸ್ತುಗಳು ಇದೇ ಕೆಲಸ ಮಾಡುತ್ತವೆ. ಚರ್ಮದಲ್ಲಿ ಗಂಧೆಯೂ ಇಲ್ಲ, ಕೆಂಪೂ ಇಲ್ಲವೆಂದರೆ ಇಲ್ಲಿ ಹಿಸ್ಟಮಿನ್ ಮುಖ್ಯ ಪಾತ್ರಧಾರಿಯಲ್ಲ ಎಂದೇ ಅರ್ಥ. ಅದನ್ನು ತಡೆದು ಸಿಗುವುದು ಬಹಳ ಕಡಿಮೆ.

"ಆದರೂ ಮೊದಲೆರಡು ರಾತ್ರಿ ಚೆನ್ನಾಗಿತ್ತಲ್ಲ ಡಾಕ್ಟ್ರೇ" ಎನ್ನುತ್ತಾರೆ. ಚೆನ್ನಾಗಿದ್ದದ್ದು ನಿದ್ದೆ. ಹಳೆಯ ಅಲರ್ಜಿ ಮಾತ್ರೆಗಳು ಮಂಪರು ತರುತ್ತವೆ, ಮಂಪರಿನಲ್ಲಿ ತುರಿಕೆ ಗೊತ್ತಾಗುವುದಿಲ್ಲ. ಮಂಪರು ಕಳೆಯಿತೆಂದರೆ ಕೈ ಮತ್ತೆ ಬೆನ್ನಿಗೆ ಹೋಗುತ್ತದೆ. ಇದು ಬರೀ ನಿಷ್ಪ್ರಯೋಜಕವಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಸೆಟಿರಿಜಿನ್ ಹೊರಹೋಗುವುದು ಮುಖ್ಯವಾಗಿ ಕಿಡ್ನಿಯ ಮೂಲಕವೇ, ಆದ್ದರಿಂದ ಕಿಡ್ನಿ ಸೋತವರಲ್ಲಿ ಮಾಮೂಲಿ ಪ್ರಮಾಣವೂ ದೇಹದಲ್ಲಿ ಕೂಡಿಕೊಳ್ಳುತ್ತದೆ. ಲಿವರ್ ಗಡುಸಾಗಿ ಸಿರೋಸಿಸ್ ಹಂತ ತಲುಪಿದವರಿಗೆ ಮಂಪರು ತರುವ ಯಾವ ಔಷಧವಾದರೂ ಗೊಂದಲ, ಮಾತಿನ ತೊದಲು, ಪ್ರಜ್ಞೆಯ ಮಸುಕು ತರಬಹುದು.

ಮೊದಲ ಪರೀಕ್ಷೆಗೆ ಬೇಕಾಗುವುದು ಕಣ್ಣು. ತೋಳು, ಕಾಲು, ಭುಜದ ಮೇಲೆ ಉಗುರಿನ ಗೀರು, ಹಕ್ಕಳೆ, ಕಪ್ಪು ಕಲೆ ಕಾಣುತ್ತವೆ. ಬೆನ್ನಿನ ನಡುವೆ ಕೈಗೆ ಎಟುಕದ ಜಾಗ ಮಾತ್ರ ನುಣುಪಾಗಿರುತ್ತದೆ. ಅಂದರೆ ಕಾಣುವ ಗಾಯಗಳೆಲ್ಲ ಕೆರೆದದ್ದರಿಂದ ಆದವು, ತುರಿಕೆಗೆ ಕಾರಣವಾದವಲ್ಲ. ಇದರ ಜೊತೆಗೆ ಬೆರಳ ಸಂದು, ಮಣಿಕಟ್ಟು, ಸೊಂಟದ ಸುತ್ತ ನೋಡಲೇಬೇಕು, ಮನೆಯಲ್ಲಿ ಬೇರೆ ಯಾರಿಗಾದರೂ ಕಡಿತವಿದೆಯೇ ಎಂದು ಕೇಳಲೇಬೇಕು. ಕಜ್ಜಿ ಡಯಾಲಿಸಿಸ್ ರೋಗಿಗೂ ಬರುತ್ತದೆ. "ಕಿಡ್ನಿ ತುರಿಕೆ" ಎಂದುಕೊಂಡು ಅದನ್ನು ಬಿಟ್ಟರೆ ಮನೆಮಂದಿಗೆಲ್ಲ ಹರಡುತ್ತದೆ. ಕ್ರಿಯಾಟಿನಿನ್ ಕೊಂಚವಷ್ಟೇ ಏರಿರುವವರ ವಿಪರೀತ ತುರಿಕೆಯನ್ನೂ ಕಿಡ್ನಿಯ ತಲೆಗೆ ಕಟ್ಟಬೇಡಿ. ಕಬ್ಬಿಣದ ಕೊರತೆ, ಥೈರಾಯ್ಡ್, ಹೊಸದಾಗಿ ಶುರುವಾದ ಔಷಧ, ಅಪರೂಪಕ್ಕೆ ರಕ್ತದ ಅಥವಾ ದುಗ್ಧಗ್ರಂಥಿಯ ಕಾಯಿಲೆ ಇವನ್ನು ನೋಡಿಯೇ ಮುಂದುವರಿಯಬೇಕು.

ಕಿಡ್ನಿಯ ಕಡೆಯದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಐವತ್ತೆಂಟು ವರ್ಷದವರು, ವಾರಕ್ಕೆ 3 ಸಲ ಡಯಾಲಿಸಿಸ್, ಮೂತ್ರ ಬಹುತೇಕ ನಿಂತಿದೆ. ಕಳೆದ 24 ಗಂಟೆಯಲ್ಲಿ ತುರಿಕೆ ಅತಿ ಹೆಚ್ಚಿದ್ದಾಗ ಹತ್ತಕ್ಕೆ ಎಷ್ಟು ಎಂದು ಕೇಳಿದರೆ 8 ಎನ್ನುತ್ತಾರೆ. ಈ ಅಂಕಿಯನ್ನು ಬರೆದಿಡಬೇಕು, ಇಲ್ಲವಾದರೆ ಮುಂದೆ ಕಡಿಮೆಯಾಯಿತೋ ಇಲ್ಲವೋ ತಿಳಿಯುವುದಿಲ್ಲ. 3 ಅಂಕ ಇಳಿದರೆ ಅದು ನಿಜವಾದ ಇಳಿಕೆ.

ಮೊದಲು ನೋಡಬೇಕಾದದ್ದು ಡಯಾಲಿಸಿಸ್ ಸಾಲುತ್ತಿದೆಯೇ ಎಂಬುದು. ವಾರಕ್ಕೆ 3 ಸಲ ಮಾಡುವವರಲ್ಲಿ ಶುದ್ಧೀಕರಣದ ಅಳತೆಯಾದ Kt/V ಪ್ರತಿ ಸಲವೂ ಕನಿಷ್ಠ 1.2 ಇರಬೇಕು, ಗುರಿ 1.4. ಇವರದ್ದು 1.05 ಇದೆ ಎಂದುಕೊಳ್ಳಿ. ಕಾರಣ ಹುಡುಕಿದರೆ ಸುಸ್ತೆಂದು 4 ಗಂಟೆಯದ್ದನ್ನು 3ಕ್ಕೇ ಮುಗಿಸಿಕೊಂಡು ಏಳುತ್ತಿರುತ್ತಾರೆ, ಅಥವಾ ಡಯಾಲಿಸಿಸ್‌ಗೆಂದು ಕೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾದಲ್ಲಿ ರಕ್ತ ಸರಿಯಾಗಿ ಬರುತ್ತಿರುವುದಿಲ್ಲ. ಇದನ್ನು ಸರಿಪಡಿಸದೆ ಔಷಧ ಏರಿಸುವುದು ವ್ಯರ್ಥ. ಫಾಸ್ಫರಸ್, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನು ವಿಪರೀತವಿದ್ದರೆ ಅವನ್ನೂ ಹತೋಟಿಗೆ ತರಬೇಕು. ಆದರೆ ಫಾಸ್ಫರಸ್ ಸರಿಯಿರುವವರಿಗೂ ತುರಿಕೆ ಇರುತ್ತದೆ. "ನೀವು ಪಥ್ಯ ಮಾಡುತ್ತಿಲ್ಲ" ಎಂದು ಅವರನ್ನು ಗದರಿಸಿ ಕಳಿಸುವುದು ಅನ್ಯಾಯ.

ಜೊತೆಜೊತೆಗೆ ಚರ್ಮದ ಆರೈಕೆ. ಕಿಡ್ನಿ ಸೋತವರಲ್ಲಿ ಬೆವರು ಮತ್ತು ಎಣ್ಣೆ ಗ್ರಂಥಿಗಳು ಕುಗ್ಗಿ ಚರ್ಮ ಒಣಗಿರುತ್ತದೆ, ಒಣ ಚರ್ಮ ಇರುವ ತುರಿಕೆಯನ್ನು ದುಪ್ಪಟ್ಟು ಮಾಡುತ್ತದೆ. ಉಗುರುಬೆಚ್ಚಗಿನ ನೀರು ಸಾಕು, ಸ್ನಾನ 10 ನಿಮಿಷ ಮೀರಬಾರದು. ಸುಡುನೀರು ಆ ಗಳಿಗೆಗೆ ಹಿತವೆನಿಸಿದರೂ ಆಮೇಲೆ ತುರಿಕೆ ಹೆಚ್ಚಿಸುತ್ತದೆ. ಸೋಪು ಕಂಕುಳು, ತೊಡೆಸಂದಿಗೆ ಮಾತ್ರ. ಟವಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಾಗಿರುವಾಗಲೇ ಪರಿಮಳವಿಲ್ಲದ ಗಟ್ಟಿ ಮಾಯಿಶ್ಚರೈಸರ್ ಹಚ್ಚಬೇಕು, ದಿನಕ್ಕೆ ಎರಡು ಸಲ. ಎಲ್ಲರೂ ತಪ್ಪುವುದು ಪ್ರಮಾಣದಲ್ಲಿ. ವಯಸ್ಕರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 20ರಿಂದ 30 ಗ್ರಾಂ ಬೇಕು. 50 ಗ್ರಾಂ ಟ್ಯೂಬು ತಿಂಗಳಿಡೀ ಬಂತೆಂದರೆ ಅದನ್ನು ಹಚ್ಚಿಲ್ಲವೆಂದೇ ಲೆಕ್ಕ. ಪ್ಯಾರಾಫಿನ್ ಇರುವ ಮುಲಾಮು ಹೀರಿದ ಬಟ್ಟೆ ಬೇಗ ಬೆಂಕಿ ಹಿಡಿಯುತ್ತದೆ, ಒಲೆ ಮತ್ತು ಸಿಗರೇಟಿನಿಂದ ದೂರವಿರಲಿ.

ಇಷ್ಟಾದ ಮೇಲೂ ಅಂಕ 6ರಲ್ಲೇ ನಿಂತರೆ ಗ್ಯಾಬಾಪೆಂಟಿನ್. ಇದು ನರದ ಔಷಧ, ತುರಿಕೆಯ ಸಂಕೇತವನ್ನು ನರದಲ್ಲೇ ತಗ್ಗಿಸುತ್ತದೆ. ಡಯಾಲಿಸಿಸ್ ರೋಗಿಗೆ ಶುರುವಿನ ಪ್ರಮಾಣ 100 ಮಿಲಿಗ್ರಾಂ, ಅದೂ ಡಯಾಲಿಸಿಸ್ ಮುಗಿದ ಮೇಲೆ, ಅಂದರೆ ವಾರಕ್ಕೆ 3 ಗುಳಿಗೆ. ಒಂದೆರಡು ವಾರ ನೋಡಿ, ಮಂಪರು ಇಲ್ಲದಿದ್ದರೆ 200ಕ್ಕೆ, ಬೇಕೇಬೇಕಾದರೆ 300ಕ್ಕೆ ಏರಿಸುತ್ತೇವೆ. ಇಷ್ಟು ಕಡಿಮೆಯೇಕೆ? ಆರೋಗ್ಯವಂತರಲ್ಲಿ ಈ ಔಷಧದ ಅರ್ಧಭಾಗ 5ರಿಂದ 7 ಗಂಟೆಯಲ್ಲಿ ಹೊರಹೋಗುತ್ತದೆ. ಮೂತ್ರವಿಲ್ಲದವರಲ್ಲಿ, ಡಯಾಲಿಸಿಸ್ ಇಲ್ಲದ ದಿನಗಳಲ್ಲಿ, ಅಷ್ಟೇ ಹೊರಹೋಗಲು ಸುಮಾರು 132 ಗಂಟೆ ಬೇಕು. ಡಯಾಲಿಸಿಸ್ ಯಂತ್ರ ಅದನ್ನು ಕೆಲವೇ ಗಂಟೆಗಳಲ್ಲಿ ತೆಗೆದುಹಾಕುತ್ತದೆ, ಆದ್ದರಿಂದಲೇ ಮುಂಚೆ ನುಂಗಿದ್ದು ವ್ಯರ್ಥ, ನಂತರ ನುಂಗಿದ್ದು ಮುಂದಿನ ಸಲದವರೆಗೂ ಇರುತ್ತದೆ.

ಅನಾಹುತ ಆಗುವುದು ಇಲ್ಲೇ. ಕಾಲುರಿಗೆಂದು ಬೇರೊಬ್ಬರು ಇದೇ ಔಷಧವನ್ನು ಹೊತ್ತಿಗೆ 300ರಂತೆ ದಿನಕ್ಕೆ 3 ಹೊತ್ತು ಬರೆಯುತ್ತಾರೆ. ಎರಡು ಮೂರು ದಿನದಲ್ಲಿ ರೋಗಿ ಕುಳಿತಲ್ಲೇ ತೂಕಡಿಸುತ್ತಾರೆ, ಕೈಯಲ್ಲಿದ್ದ ಲೋಟ ಜಾರುವಂತೆ ಕೈಕಾಲು ಥಟ್ಟನೆ ಅದುರುತ್ತವೆ, ನಡೆದರೆ ತೂರಾಡುತ್ತಾರೆ. ಮನೆಯವರು ಪಾರ್ಶ್ವವಾಯು ಎಂದು ಓಡಿ ಬರುತ್ತಾರೆ. ಔಷಧ ನಿಲ್ಲಿಸಿ ಡಯಾಲಿಸಿಸ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಾಗೆಂದು ನಿಜವಾದ ಪಾರ್ಶ್ವವಾಯುವನ್ನು ಮನೆಯಲ್ಲೇ ಕುಳಿತು ತಳ್ಳಿಹಾಕಬೇಡಿ, ಆಸ್ಪತ್ರೆಗೇ ಬನ್ನಿ, ಬರುವಾಗ ಎಲ್ಲ ಮಾತ್ರೆಗಳನ್ನೂ ತನ್ನಿ. ನಿದ್ದೆ ಮಾತ್ರೆ ಅಥವಾ ಓಪಿಯಾಯ್ಡ್ ನೋವುಶಾಮಕದ ಜೊತೆ ಇದನ್ನು ಸೇರಿಸುವುದು ಇನ್ನೂ ಅಪಾಯ.

ಗ್ಯಾಬಾಪೆಂಟಿನ್ ಒಗ್ಗದವರಿಗೆ ನ್ಯಾರೋಬ್ಯಾಂಡ್ ಯುವಿಬಿ ಬೆಳಕಿನ ಚಿಕಿತ್ಸೆ ಇದೆ, ವಾರಕ್ಕೆ ಎರಡು ಮೂರು ಸಲದಂತೆ ಹಲವು ವಾರ. ಡಯಾಲಿಸಿಸ್ ಮುಗಿಯುವಾಗ ರಕ್ತನಾಳಕ್ಕೆ ಕೊಡುವ ಡಿಫೆಲಿಕೆಫಾಲಿನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ಸಿಕ್ಕಿತು, ಎಲ್ಲ ಕಡೆಯೂ ಅದು ಸಿಗುವುದಿಲ್ಲ.

ಲಿವರ್ ತುರಿಕೆಯ ಸ್ವಭಾವ ಬೇರೆ. ಅಂಗೈ, ಅಂಗಾಲಿನಲ್ಲಿ ಹೆಚ್ಚು, ಸಂಜೆಯಾಗುತ್ತಿದ್ದಂತೆ ಏರುತ್ತದೆ. ಕಣ್ಣು ಹಳದಿಯಾಗಿರಲೇಬೇಕೆಂದಿಲ್ಲ. ರಕ್ತಪರೀಕ್ಷೆಯಲ್ಲಿ ಕಾಮಾಲೆಯ ಅಳತೆಯಾದ ಬಿಲಿರುಬಿನ್ ಸರಿಯಿದ್ದು, ಪಿತ್ತದ ಹರಿವು ತಗ್ಗಿದಾಗ ಹೆಚ್ಚುವ ಆಲ್ಕಲೈನ್ ಫಾಸ್ಫಟೇಸ್ ಮಾತ್ರ ಏರಿರಬಹುದು, ಆದ್ದರಿಂದ "ಕಾಮಾಲೆ ಇಲ್ಲ, ಲಿವರ್ ಅಲ್ಲ" ಎಂಬ ತೀರ್ಮಾನ ಬೇಡ. ಮೂತ್ರ ಕಡುಬಣ್ಣಕ್ಕೆ ತಿರುಗಿ ಮಲ ಸುಣ್ಣದಂತೆ ಬಿಳುಚಿದರೆ ಪಿತ್ತನಾಳ ಕಟ್ಟಿರಬಹುದು. ಅದಕ್ಕೆ ತಡಮಾಡದೆ ಸ್ಕ್ಯಾನ್ ಆಗಬೇಕು, ಅಡ್ಡಿ ತೆಗೆದರೆ ತುರಿಕೆಯೂ ಹೋಗುತ್ತದೆ. ಜ್ವರ, ಚಳಿ ಸೇರಿದರೆ ಅದೇ ದಿನ ಆಸ್ಪತ್ರೆ. ಗರ್ಭಿಣಿಯ ಅಂಗೈ ಅಂಗಾಲು ತುರಿಸಿದರೆ ಪಿತ್ತಾಮ್ಲದ ರಕ್ತಪರೀಕ್ಷೆಗೆ ಕೂಡಲೇ ಹೋಗಬೇಕು. ಅದು ಲೀಟರಿಗೆ 100 ಮೈಕ್ರೊಮೋಲ್ ಮುಟ್ಟಿದರೆ ಮಗುವಿಗೆ ಅಪಾಯ ಹೆಚ್ಚು.

ಅಡ್ಡಿ ಇಲ್ಲದೆ ಪಿತ್ತ ನಿಧಾನವಾಗಿರುವ ಕಾಯಿಲೆಯಲ್ಲಿ ಮೊದಲ ಔಷಧ ಕೊಲೆಸ್ಟೈರಮೀನ್ ಪುಡಿ. ಅದು ಕರುಳಿನಲ್ಲೇ ಪಿತ್ತಾಮ್ಲವನ್ನು ಹಿಡಿದು ಮಲದೊಂದಿಗೆ ಸಾಗಿಸುತ್ತದೆ. ದಿನಕ್ಕೆ 4 ಗ್ರಾಂನಿಂದ ಶುರು, 16 ಗ್ರಾಂವರೆಗೆ ಹೋಗಬಹುದು. ಇದು ಫಲಿಸದಿರುವುದಕ್ಕೆ ಸಾಮಾನ್ಯ ಕಾರಣ ಹೊತ್ತು ತಪ್ಪಿದ್ದು. ರಾತ್ರಿಯಿಡೀ ಪಿತ್ತಕೋಶದಲ್ಲಿ ತುಂಬಿದ ಪಿತ್ತ ಬೆಳಗಿನ ತಿಂಡಿಯೊಂದಿಗೆ ಕರುಳಿಗೆ ಸುರಿಯುತ್ತದೆ, ಪುಡಿ ಆಗಲೇ ಅಲ್ಲಿ ಇರಬೇಕು. ಹಾಗಾಗಿ ಒಂದು ಸಲ ತಿಂಡಿಗೆ ಮುಂಚೆ, ಇನ್ನೊಂದು ತಿಂಡಿಯಾದ ಮೇಲೆ, ಚೆನ್ನಾಗಿ ನೀರಿನಲ್ಲಿ ಕಲಸಿ. ಈ ಪುಡಿ ಬೇರೆ ಔಷಧಗಳನ್ನೂ ಹಿಡಿದುಬಿಡುತ್ತದೆ. ಅವನ್ನು ಪುಡಿಗೆ 1 ಗಂಟೆ ಮುಂಚೆ ಅಥವಾ 4ರಿಂದ 6 ಗಂಟೆ ನಂತರ ನುಂಗಬೇಕು. ಅರ್ಸೊಡಿಆಕ್ಸಿಕೋಲಿಕ್ ಆಮ್ಲವನ್ನೂ ಒಟ್ಟಿಗೇ ಕುಡಿದರೆ ಎರಡೂ ಹಾಳು. ಅಂದಹಾಗೆ, ಆ ಆಮ್ಲದ ಮಾತ್ರೆ ಪಿತ್ತನಾಳದ ಕಾಯಿಲೆಯನ್ನು ನಿಧಾನಿಸಬಹುದು, ತುರಿಕೆಯನ್ನು ಅಷ್ಟಾಗಿ ಇಳಿಸದು. ತುರಿಕೆ ನಿಲ್ಲಲಿಲ್ಲವೆಂದು ಅದನ್ನು ಬಿಡಬೇಡಿ.

ಪುಡಿ ಸಾಲದಿದ್ದರೆ ರಿಫಾಂಪಿಸಿನ್, ದಿನಕ್ಕೆ 150 ಅಥವಾ 300 ಮಿಲಿಗ್ರಾಂನಿಂದ. ಕ್ಷಯದ ಔಷಧ ನಮಗೇಕೆ ಎಂದು ಗಾಬರಿ ಬೇಡ, ಮೂತ್ರ ಕಿತ್ತಳೆಗೆಂಪಾದರೂ ಹೆದರಬೇಡಿ. ಹೆದರಬೇಕಾದದ್ದು ಅದು ಲಿವರನ್ನೇ ಕೆಣಕಬಹುದೆಂಬುದಕ್ಕೆ. ಮೊದಲ ಕೆಲವು ವಾರಗಳಲ್ಲಿ ಮತ್ತು ಆಮೇಲೂ ಆಗಾಗ ಲಿವರ್ ಪರೀಕ್ಷೆ ತಪ್ಪಿಸುವಂತಿಲ್ಲ, ಕಾಮಾಲೆ ಹೆಚ್ಚಿರುವವರಿಗೆ ಇದನ್ನು ಕೊಡುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಗರ್ಭನಿರೋಧಕ ಗುಳಿಗೆಗಳ ಬಲವನ್ನೂ ಅದು ಕುಗ್ಗಿಸುತ್ತದೆ, ತೆಗೆದುಕೊಳ್ಳುತ್ತಿರುವ ಪ್ರತಿಯೊಂದು ಮಾತ್ರೆಯ ಹೆಸರನ್ನೂ ಮೊದಲೇ ಹೇಳಿ. ಇದಾದ ಮೇಲೆ ಸರ್ಟ್ರಲಿನ್, ನಾಲ್ಟ್ರೆಕ್ಸೋನ್ ಇವೆ, ಅವು ತಜ್ಞರ ಕೈಯಲ್ಲೇ ಇರಲಿ. ಯಾವುದಕ್ಕೂ ಬಗ್ಗದ ತುರಿಕೆ ಇದ್ದರೆ, ಲಿವರ್ ಇನ್ನೂ ಕೆಲಸ ಮಾಡುತ್ತಿದ್ದರೂ, ಲಿವರ್ ಕಸಿಯ ಬಗ್ಗೆ ಯೋಚಿಸುವುದುಂಟು. ಪಿತ್ತನಾಳದ ಕೆಲವು ಕಾಯಿಲೆಗಳು ಮುಂದುವರಿದಾಗ ತುರಿಕೆ ತಾನೇ ತಗ್ಗುವುದೂ ಇದೆ. ಆದ್ದರಿಂದ ಮೈ ಹಗುರಾಯಿತೆಂದು ರಕ್ತಪರೀಕ್ಷೆಯನ್ನು ಮುಂದೂಡಬೇಡಿ.