ಮೈ ಬಂತು, ಎತ್ತರ ಬರಲಿಲ್ಲ

"ಮೇಡಂರಿ, ಮೈ ಬಂತು. ಎತ್ತರ ಯಾಕ ಬರವಲ್ದು?"

ಯಾದಗಿರಿಯಲ್ಲಿ ಮಕ್ಕಳ ವೈದ್ಯೆಯಾಗಿ ನಾನು ಅತಿ ಜಾಸ್ತಿ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಈ ಸಲ ಕೇಳಿದವರು ಶಹಾಪುರ ಕಡೆಯ ಹಳ್ಳಿಯ ಒಬ್ಬ ತಾಯಿ. ಅವರ ಮಗಳಿಗೆ 15 ತಿಂಗಳಿದ್ದಾಗ ದಡಾರ ಬಂದಿತ್ತು. ನಮ್ಮ ಕಡೆ ಅದಕ್ಕೆ ಗೊಬ್ಬರ ಅಂತಾರೆ. ಅದರ ಬೆನ್ನಿಗೆ ನ್ಯುಮೋನಿಯಾ, ಆಮೇಲೆ ನಿಲ್ಲದ ಭೇದಿ. ಆಸ್ಪತ್ರೆಗೆ ಬಂದಾಗ ಮಗುವಿನ ತೂಕ 5.8 ಕಿಲೋ, ಉದ್ದ 71 ಸೆಂ.ಮೀ. ತೋಳಿನ ಸುತ್ತಳತೆ 10.8 ಸೆಂ.ಮೀ. ಇತ್ತು. ಈ ಅಳತೆ 11.5ಕ್ಕಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ ಎಂದೇ ಲೆಕ್ಕ.

ಮೊದಲ ವಾರ ತೂಕ ಹೆಚ್ಚಲಿಲ್ಲ. ಹೆಚ್ಚಿಸಬೇಕು ಅಂತ ನಾವೂ ನೋಡಲಿಲ್ಲ. ಸೋಂಕು ಇಳಿಯುವವರೆಗೆ ಸ್ವಲ್ಪ ಸ್ವಲ್ಪವೇ ಹಾಲಿನ ಆಹಾರ ಕೊಟ್ಟು ಕಾಯಬೇಕು. ಹಸಿದ ಮಗುವಿಗೆ ಒಮ್ಮೆಲೇ ತುಂಬಾ ತಿನ್ನಿಸಿದರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಜೀವಕ್ಕೇ ಕುತ್ತು ಬರಬಹುದು. ಎರಡನೇ ವಾರ ಮಗುವಿಗೆ ಹಸಿವು ಬಂತು. ಆಗ ಆಹಾರ ಏರಿಸಿದೆವು. ದಿನಕ್ಕೆ ಸುಮಾರು 60 ಗ್ರಾಂ ತೂಕ ಏರತೊಡಗಿತು. ಆ ವಯಸ್ಸಿನ ಆರೋಗ್ಯವಂತ ಮಗು ದಿನಕ್ಕೆ 7-8 ಗ್ರಾಂ ಏರುತ್ತದೆ ಅಷ್ಟೇ. ಅಂದರೆ ಏಳೆಂಟು ಪಟ್ಟು ವೇಗ! ಕಾಯಿಲೆಯಲ್ಲಿ ಕಳೆದದ್ದನ್ನು ಹೀಗೆ ಓಡಿ ತುಂಬಿಸಿಕೊಳ್ಳುವುದಕ್ಕೆ 'ಹಿಂದುಳಿದದ್ದನ್ನು ಹಿಡಿಯುವ ಬೆಳವಣಿಗೆ' ಎನ್ನಬಹುದು. ಮೂರು ವಾರಕ್ಕೆ ಮಗು 6.7 ಕಿಲೋ ತೂಗಿ ಮನೆಗೆ ಹೋಯಿತು.

ತಾಯಿ ಆ ಪ್ರಶ್ನೆ ಕೇಳಿದ್ದು ಎರಡು ತಿಂಗಳ ನಂತರದ ಭೇಟಿಯಲ್ಲಿ. ತೂಕ 7.6 ಕಿಲೋ ಆಗಿತ್ತು, ಕೆನ್ನೆ ತುಂಬಿತ್ತು. ಉದ್ದ ಮಾತ್ರ 72. ಆಸ್ಪತ್ರೆಗೆ ಬಂದಾಗಿನಿಂದ ಒಂದೇ ಸೆಂಟಿಮೀಟರ್.

ಇದಕ್ಕೆ ಗಾಬರಿ ಬೇಡ ಎಂದು ಅವರಿಗೆ ಹೇಳಿದೆ. ಶರೀರ ಮೊದಲು ತೂಕ ತುಂಬಿಸಿಕೊಳ್ಳುತ್ತದೆ, ಎತ್ತರ ಆಮೇಲೆ. ಉದ್ದ ಎಲುಬುಗಳ ತುದಿಯ ಹತ್ತಿರ ಮೆತ್ತನೆಯ ಒಂದು ಪದರ ಇರುತ್ತದೆ. ಅಲ್ಲಿನ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಎಲುಬು ಉದ್ದವಾಗುತ್ತದೆ. ಜ್ವರ, ಭೇದಿ, ಹಸಿವು ಇರುವಾಗ ಈ ಕೋಶಗಳು ಕೆಲಸ ನಿಲ್ಲಿಸಿ ಮಲಗಿಬಿಡುತ್ತವೆ. ಅವು ಎಷ್ಟು ಸಲ ಒಡೆಯಬಹುದು ಎನ್ನುವುದಕ್ಕೆ ಒಂದು ಮಿತಿ ಇದೆ. ಮಲಗಿದ್ದ ದಿನಗಳಲ್ಲಿ ಆ ಪಾಲು ಖರ್ಚಾಗದೆ ಉಳಿದಿರುತ್ತದೆ. ಎಚ್ಚರವಾದ ಮೇಲೆ ಕೋಶಗಳು ಚಿಕ್ಕ ಮಗುವಿನವುಗಳಂತೆ ಚುರುಕಾಗಿ ಒಡೆಯುತ್ತವೆ. ಕಾಯಿಲೆ ಬಿದ್ದ ಮಗು ಮತ್ತೆ ವೇಗವಾಗಿ ಎತ್ತರವಾಗುವುದರ ಒಂದು ಮುಖ್ಯ ಕಾರಣ ಇದೇ.

ಆದರೆ ಎಲುಬಿಗೆ ಬೇಕಾದದ್ದು ಬರೀ ಹೊಟ್ಟೆ ತುಂಬುವ ಅನ್ನವಲ್ಲ. ಈ ಮನೆಯಲ್ಲಿ ಮಗುವಿಗೆ ತೆಳು ಗಂಜಿ ಮತ್ತು ಬಿಸ್ಕಿಟ್ ಕೊಡುತ್ತಿದ್ದರು. ಅದರಿಂದ ಮೈ ಬರುತ್ತದೆ, ಎಲುಬು ಬೆಳೆಯುವುದಿಲ್ಲ. ಅದರ ಬದಲು ಜೋಳದ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಹಿಚುಕಿ, ಗಟ್ಟಿ ತೊಗರಿ ಬೇಳೆ ಹಾಕಿ, ಮೇಲೊಂದು ಚಮಚ ಎಣ್ಣೆ ಬೆರೆಸಿ ಕೊಡಿ ಎಂದೆ. ದಿನಕ್ಕೊಂದು ಮೊಟ್ಟೆ. ನುಣ್ಣಗೆ ಕುಟ್ಟಿದ ಶೇಂಗಾ ಹಿಂಡಿ, ಖಾರ ಹಾಕದ್ದು. ಅವರು ಮಾಡಿದರು. ಎರಡು ವರ್ಷ ತುಂಬಿದಾಗ ಮಲಗಿಸಿ ಅಳೆದರೆ 81 ಸೆಂ.ಮೀ.

ಈಗ ಲೆಕ್ಕ ನೋಡಿ. 15 ತಿಂಗಳಿಂದ 24 ತಿಂಗಳವರೆಗೆ ಸಾಮಾನ್ಯ ಹೆಣ್ಣು ಮಗು ಸುಮಾರು 8.9 ಸೆಂ.ಮೀ. ಬೆಳೆಯುತ್ತದೆ. ಈ ಹುಡುಗಿ 10 ಸೆಂ.ಮೀ. ಬೆಳೆದಳು. ಹಾಗಾಗಿ ನಿಜವಾಗಿ ತುಂಬಿಸಿಕೊಂಡದ್ದು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ.

ಅಲ್ಲಿಂದ ಮುಂದೆ ಅಂತರ ತುಂಬಲಿಲ್ಲ. ಮೂರು ವರ್ಷಕ್ಕೆ 89.5, ಐದು ವರ್ಷಕ್ಕೆ 103.5. ಐದು ವರ್ಷದ ಹೆಣ್ಣುಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವಳ ಅಳತೆ, ಅಂದರೆ ನಡುವಿನ ಅಳತೆ, 109.4. ಆದರೂ ಐದು ವರ್ಷದ ಭೇಟಿಯ ದಿನ ಬೆಳವಣಿಗೆಯ ಚಾರ್ಟ್ ನೋಡಿದ ನಮ್ಮ ನರ್ಸ್ "ಎತ್ತರ ನಾರ್ಮಲ್ ಆಯ್ತು" ಎಂದು ಖುಷಿಯಿಂದ ಹೇಳಿದರು. ಚಾರ್ಟ್ ಪ್ರಕಾರ ಅದು ತಪ್ಪಲ್ಲ. ಕುಳ್ಳತನದ ಗೆರೆಗಿಂತ ಕೆಳಗಿದ್ದ ಚುಕ್ಕೆ ಈಗ ಮೇಲೆ ಬಂದಿತ್ತು.

ಆದರೆ ಚಾರ್ಟಿನ ಗೆರೆಗಳು ಬೀಸಣಿಗೆಯ ಹಾಗೆ ಮುಂದೆ ಹೋದಂತೆ ಅಗಲವಾಗುತ್ತವೆ. 15 ತಿಂಗಳಲ್ಲಿ ನಡುವಿನ ಗೆರೆಗೂ ಕುಳ್ಳತನದ ಗೆರೆಗೂ ಅಂತರ 5.5 ಸೆಂ.ಮೀ. ಐದು ವರ್ಷಕ್ಕೆ ಅದು 9.5 ಸೆಂ.ಮೀ. ನಮ್ಮ ಹುಡುಗಿ 15 ತಿಂಗಳಲ್ಲಿ 6.5 ಸೆಂ.ಮೀ. ಹಿಂದಿದ್ದಳು, ಗೆರೆಯ ಕೆಳಗೆ ಬಿದ್ದಳು. ಈಗ 5.9 ಸೆಂ.ಮೀ. ಹಿಂದಿದ್ದಾಳೆ, ಗೆರೆಯ ಮೇಲಿದ್ದಾಳೆ. ಅವಳು ಏರಿದ್ದಕ್ಕಿಂತ ಗೆರೆ ದೂರ ಸರಿದದ್ದೇ ಜಾಸ್ತಿ ಅಲ್ವಾ? ಅದಕ್ಕೇ ಚುಕ್ಕೆಯನ್ನಷ್ಟೇ ನೋಡದೆ ನಡುವಿನ ಅಳತೆಗೆ ಎಷ್ಟು ಸೆಂಟಿಮೀಟರ್ ಕಡಿಮೆ ಎಂದು ನಾನು ಪ್ರತಿ ಸಲ ಕಾರ್ಡಿನ ಅಂಚಿನಲ್ಲಿ ಬರೆದಿಡುತ್ತೇನೆ.

ಉಳಿದ ಸುಮಾರು ಆರು ಸೆಂಟಿಮೀಟರ್ ಎಲ್ಲಿ ಹೋಯಿತು? ಗೊಬ್ಬರ ತಿಂದಿತು ಎಂದೇ ಮನೆಯವರು ನಂಬಿದ್ದರು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಅಂಗನವಾಡಿಯ ದಾಖಲೆ ತರಿಸಿ ನೋಡಿದೆ. 9 ತಿಂಗಳಿಗೆ 65.5 ಸೆಂ.ಮೀ. ಎಂದಿತ್ತು. ಆ ವಯಸ್ಸಿನ ನಡುವಿನ ಅಳತೆ 70.1. ಕಾಯಿಲೆ ಬರುವ ಮೊದಲೇ 4.6 ಸೆಂ.ಮೀ. ಹೋಗಿತ್ತು. ತಾಯಿ ಕಾರ್ಡಿನಲ್ಲಿ ಹುಟ್ಟಿದಾಗಿನ ತೂಕ 2.1 ಕಿಲೋ. 9ರಿಂದ 15 ತಿಂಗಳೊಳಗೆ ಹೋದದ್ದು ಹೆಚ್ಚೆಂದರೆ ಎರಡು ಸೆಂ.ಮೀ., ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಎರಡು ವರ್ಷ ತುಂಬುವಷ್ಟರಲ್ಲಿ ವಾಪಸ್ ಬಂದಿತ್ತು.

ಚೆನ್ನಾಗಿ ಬೆಳೆಯುತ್ತಿದ್ದ ಮಗು ಕಾಯಿಲೆ ಬಿದ್ದು ಎದ್ದರೆ ತನ್ನ ಹಳೆಯ ಗೆರೆಗೇ ಮರಳುವುದನ್ನು ನಾವು ಎಷ್ಟೋ ಸಲ ನೋಡುತ್ತೇವೆ. ಗರ್ಭದಲ್ಲಿ ಶುರುವಾಗಿ ತಿಂಗಳುಗಟ್ಟಲೆ ನಡೆದ ಕೊರತೆ ಹಾಗಲ್ಲ. ಚಿಕಿತ್ಸೆ ಮಗುವನ್ನು ಕಾಯಿಲೆಗೆ ಮುಂಚಿನ ಗೆರೆಯ ಹತ್ತಿರ ತಂದು ನಿಲ್ಲಿಸುತ್ತದೆ. ಆ ಗೆರೆಯೇ ಕೆಳಗಿದ್ದರೆ ಟಾನಿಕ್ ಅದನ್ನು ಎತ್ತುವುದಿಲ್ಲ. 'ಎತ್ತರದ ಪೌಡರ್' ಡಬ್ಬಿ ತಂದು ತೋರಿಸುವವರಿಗೆ ಇದನ್ನೇ ಹೇಳುತ್ತೇನೆ. ತೂಕ ಎತ್ತರಕ್ಕೆ ಸರಿಯಾದ ಮೇಲೂ ಸಿಹಿ, ಎಣ್ಣೆ ತುಂಬಿಸಿದರೆ ಬೊಜ್ಜು ಬರುತ್ತದೆ ಅಷ್ಟೇ. ಮುಂದೆ ಹರೆಯದಲ್ಲಿ ಇನ್ನೊಂದು ಜಿಗಿತ ಇದೆ, ನಿಜ. ಆದರೆ ಮುಟ್ಟು ಶುರುವಾದ ಮೇಲೆ ಹುಡುಗಿಯರು ಸಾಮಾನ್ಯವಾಗಿ 5ರಿಂದ 7 ಸೆಂ.ಮೀ. ಮಾತ್ರ ಬೆಳೆಯುತ್ತಾರೆ.

ಅಳತೆಯ ಬಗ್ಗೆ ಒಂದು ಮಾತು. ಎರಡು ವರ್ಷದೊಳಗಿನ ಮಗುವನ್ನು ಹಲಗೆಯ ಮೇಲೆ ಮಲಗಿಸಿ ಇಬ್ಬರು ಅಳೆಯಬೇಕು. ಒಬ್ಬರು ತಲೆಯನ್ನು ಹಲಗೆಯ ತುದಿಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ಒತ್ತಿ ಪಾದ ನೆಟ್ಟಗೆ ಮಾಡಬೇಕು. ಮಗು ಅತ್ತು ಕಾಲು ಮಡಚಿದರೆ ಒಂದು ಸೆಂಟಿಮೀಟರ್ ಸುಮ್ನೆ ಮಾಯ. ಮೂರು ತಿಂಗಳಿಗಿಂತ ಬೇಗ ಅಳೆದು ಹೋಲಿಸಿದರೆ ತಪ್ಪೋ ಬೆಳವಣಿಗೆಯೋ ಹೇಳುವುದು ಕಷ್ಟ. ದೀಪಾವಳಿ ಮುಗಿಸಿ ಬೆಂಗಳೂರು, ಪುಣೆಗೆ ದುಡಿಯಲು ಹೋಗುವ ಕುಟುಂಬಗಳಿಗೆ ಕಾರ್ಡನ್ನು ಜೊತೆಗೇ ಒಯ್ಯಲು ಹೇಳುತ್ತೇನೆ, ಅಲ್ಲಿ ಅಳೆಸಿದ್ದನ್ನೂ ಅದರಲ್ಲೇ ಬರೆಸಲಿ ಎಂದು.

ಐದು ವರ್ಷದ ಭೇಟಿಗೆ ಆ ತಾಯಿ ಕೈಯಲ್ಲಿ 9 ತಿಂಗಳ ಗಂಡು ಕೂಸನ್ನೂ ಎತ್ತಿಕೊಂಡು ಬಂದಿದ್ದರು. ಈ ಸಲ ಬಸಿರಿನಲ್ಲಿ ಅಂಗನವಾಡಿಯ ಊಟ, ಮೊಟ್ಟೆ ಬಿಟ್ಟಿರಲಿಲ್ಲವಂತೆ. ಹುಟ್ಟಿದಾಗ 2.8 ಕಿಲೋ. ಅವನನ್ನೂ ಹಲಗೆಯ ಮೇಲೆ ಮಲಗಿಸಿದೆವು, ಅಕ್ಕ ತಾನೇ ಅವನ ಮೊಣಕಾಲು ಹಿಡಿಯುತ್ತೇನೆಂದು ಹಟ ಮಾಡಿದಳು. 70.5 ಸೆಂ.ಮೀ. ಗಂಡು ಮಕ್ಕಳ ನಡುವಿನ ಅಳತೆ 72. ಕಾರ್ಡಿನ ಅಂಚಿನಲ್ಲಿ 1.5 ಎಂದು ಬರೆದೆ.